ಮೊದಲ ಬಿಲ್‌ವರೆಗೆ ಎಣಿಸೋಣ

(ನಮ್ಮ ಸೋಶಿಯಲ್ ಮೀಡಿಯಾ ಕೆಲಸವನ್ನು ಹೊಸದಾಗಿ ಶುರು ಮಾಡುವ ಮುನ್ನ ನಮ್ಮ ತಂಡದ ಮುಂದೆ ನಾನು ಆಡಿದ ಮಾತುಗಳಿವು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿ ಇರುವುದು ಐದೇ ಜನ. ನಾವು ಮಾಡುವುದು ಸಣ್ಣ ವ್ಯಾಪಾರಿಗಳಿಗೆ ಬೇಕಾದ ಬಿಲ್ಲಿಂಗ್ ಆ್ಯಪ್. ಇನ್ನು ಮೂರು ತಿಂಗಳು ನಮ್ಮ ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್ ಖಾತೆಗಳನ್ನು ಹೊಸ ರೀತಿಯಲ್ಲಿ ನಡೆಸಲಿದ್ದೇವೆ. ಲೋಗೋ ಬಣ್ಣ ಯಾವುದು, ಅಕ್ಷರದ ಶೈಲಿ ಯಾವುದು ಅನ್ನುವುದನ್ನು ಇವತ್ತು ಮಾತಾಡುವುದಿಲ್ಲ. ಎರಡೇ ವಿಷಯ: ನಾವು ಏನನ್ನು ಎಣಿಸುತ್ತೇವೆ, ಮತ್ತು ಯಾವುದಕ್ಕೆ ಯಾರು ಹೊಣೆ. ಮೊದಲನೆಯದು ಸರಿಯಾಗಿ ಗೊತ್ತಾದರೆ ಎರಡನೆಯದನ್ನು ಹಂಚುವುದು ಸುಲಭ.

ಮೂರು ತಿಂಗಳಿಗೆ ನಮ್ಮ ಗುರಿ ಒಂದೇ. ಸೋಶಿಯಲ್ ಮೀಡಿಯಾದಿಂದ ಬಂದು, ಟ್ರಯಲ್ ಶುರು ಮಾಡಿ, ಏಳು ದಿನದೊಳಗೆ ತಮ್ಮ ಮೊದಲ ಬಿಲ್ ಹಾಕಿದವರು ಎಷ್ಟು ಜನ? ವಾರಕ್ಕೊಮ್ಮೆ ನಾವು ನೋಡುವುದು ಆ ಸಂಖ್ಯೆಯನ್ನು. ಫಾಲೋವರ್ಸ್ ಎಷ್ಟಾದರು ಅನ್ನುವುದು ಗುರಿಯಲ್ಲ. ವ್ಯೂಸ್ ಕೂಡ ಅಲ್ಲ. ಅವುಗಳನ್ನು ನೋಡುತ್ತೇವೆ, ಆದರೆ ಎಲ್ಲಿ ಕೆಲಸ ಸಿಕ್ಕಿಕೊಂಡಿದೆ ಅಂತ ಪತ್ತೆ ಹಚ್ಚುವುದಕ್ಕೆ ಮಾತ್ರ.

ಟ್ರಯಲ್ ಶುರು ಮಾಡಿದವರ ಲೆಕ್ಕವೇ ಸಾಕಲ್ವಾ ಅಂತ ನಿಮಗೆ ಅನಿಸಬಹುದು. ಸಾಲದು. ಸುಮ್ನೆ ಕುತೂಹಲಕ್ಕೆ ನಂಬರ್ ಕೊಟ್ಟು ಒಳಗೆ ಬಂದು, ಏನೂ ಮಾಡದೆ ಹೋಗುವವರು ಯಾವ ಆ್ಯಪ್‌ಗೂ ಇದ್ದೇ ಇರುತ್ತಾರೆ. ಬಿಲ್ ಹಾಕಿದವರ ಕಥೆಯೇ ಬೇರೆ. ಅವರು ತಮ್ಮ ಸರಕಿನ ಹೆಸರು ಬರೆದಿರುತ್ತಾರೆ, ದರ ಹಾಕಿರುತ್ತಾರೆ, ನಿಜವಾದ ಒಬ್ಬ ಗಿರಾಕಿಗೆ ಬಿಲ್ ಕೊಟ್ಟಿರುತ್ತಾರೆ. ಅಂಥವರು ಉಳಿಯುವ ಸಾಧ್ಯತೆ ಜಾಸ್ತಿ.

ವ್ಯೂಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದನ್ನು ಎಣಿಸುವ ಕ್ರಮವೇ ಈಚೆಗೆ ಬದಲಾಗಿದೆ. ಇನ್‌ಸ್ಟಾಗ್ರಾಂ 2024ರಲ್ಲಿ ಎಲ್ಲ ಬಗೆಯ ಪೋಸ್ಟ್‌ಗಳಿಗೂ ವ್ಯೂಸ್ ಅನ್ನೇ ಮುಖ್ಯ ಅಳತೆ ಮಾಡಿತು. ಒಬ್ಬರೇ ಒಂದು ರೀಲ್ಸ್ ಅನ್ನು ಮೂರು ಸಲ ನೋಡಿದರೂ ಮೂರು ವ್ಯೂಸ್. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಇಷ್ಟು ಹೊತ್ತು ನೋಡಿರಲೇಬೇಕು ಅನ್ನುವ ಷರತ್ತು ಈಗಿಲ್ಲ. ಹಾಗಾಗಿ ಹಳೆಯ ಶಾರ್ಟ್ಸ್‌ನ ಲೆಕ್ಕವನ್ನು ಈಗಿನದರ ಪಕ್ಕದಲ್ಲಿಟ್ಟು "ನೋಡಿ, ಎಷ್ಟು ಏರಿದೆ" ಅಂತ ಹಿಗ್ಗುವ ಹಾಗಿಲ್ಲ. ಅಳತೆಗೋಲೇ ಬೇರೆಯಾಗಿದೆ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಇದು ನಮ್ಮ ಖಾತೆಯ ಅಂಕಿ ಅಲ್ಲ, ವಿಷಯ ಹಿಡಿಯಲು ನಾನು ಹಾಕಿಕೊಂಡದ್ದು. ಕಂಪನಿಯ ಹುಟ್ಟುಹಬ್ಬದ ದಿನ ನಾವೊಂದು ಸಂಭ್ರಮದ ರೀಲ್ಸ್ ಹಾಕಿದೆವು ಅಂದುಕೊಳ್ಳಿ. 20,000 ವ್ಯೂಸ್, 900 ಲೈಕ್ಸ್ ಬಂತು. ಅದನ್ನು ಇನ್ನೊಬ್ಬರಿಗೆ ಕಳಿಸಿದವರು 6 ಜನ. ಲಿಂಕ್ ಒತ್ತಿದವರು 12, ಟ್ರಯಲ್ ಶುರು ಮಾಡಿದವರು ಒಬ್ಬರು, ಬಿಲ್ ಹಾಕಿದವರು ಯಾರೂ ಇಲ್ಲ. ಅದೇ ವಾರ ಇನ್ನೊಂದು ರೀಲ್ಸ್: "ಮಾರಿದ ಮಾಲು ವಾಪಸ್ ಬಂದರೆ ಬಿಲ್ ಏನು ಮಾಡಬೇಕು?" ಅದಕ್ಕೆ 3,000 ವ್ಯೂಸ್, ಬರೀ 70 ಲೈಕ್ಸ್. ಆದರೆ 110 ಜನ ಅದನ್ನು ಬೇರೆಯವರಿಗೆ ಕಳಿಸಿದ್ದಾರೆ, 90 ಜನ ಸೇವ್ ಮಾಡಿಟ್ಟುಕೊಂಡಿದ್ದಾರೆ. ಲಿಂಕ್ ಒತ್ತಿದವರು 60, ಟ್ರಯಲ್ 12, ಮೊದಲ ಬಿಲ್ 7.

ಮೇಲಿಂದ ನೋಡಿದರೆ ಮೊದಲನೆಯದೇ ಗೆದ್ದಿದೆ. ನಮ್ಮ ಲೆಕ್ಕದಲ್ಲಿ ಎರಡನೆಯದು. ಇಲ್ಲಿ ನಾನು ಬೆರಳಿಟ್ಟು ತೋರಿಸುವುದು ಆ 110ನ್ನು. ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆ್ಯಡಂ ಮೊಸೆರಿ 2025ರ ಜನವರಿಯಲ್ಲಿ ಹೇಳಿದ ಪ್ರಕಾರ, ಪೋಸ್ಟ್ ಎಷ್ಟು ಜನರಿಗೆ ತಲುಪಬೇಕು ಅನ್ನುವುದರಲ್ಲಿ ಮೂರು ಸಂಗತಿಗಳಿಗೆ ತೂಕ ಹೆಚ್ಚು: ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರಾ, ಇನ್ನೊಬ್ಬರಿಗೆ ಕಳಿಸಿದರಾ. ನಮ್ಮನ್ನು ಫಾಲೋ ಮಾಡದವರಿಗೆ ತಲುಪುವಾಗ ಈ ಕಳಿಸುವಿಕೆಗೆ ಬೆಲೆ ಇನ್ನೂ ಜಾಸ್ತಿ. ನಮಗೆ ಬೇಕಾದವರು ಹೊಸಬರೇ. ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ "ಇದನ್ನ ನೋಡು, ನಿನಗೆ ಬೇಕಾಗುತ್ತೆ" ಅಂತ ಕಳಿಸಿದರೆ ಅದು ನಮ್ಮ ಬಾಯಿಂದ ಬಂದ ಜಾಹೀರಾತಿಗಿಂತ ಎಷ್ಟೋ ಮೇಲು. ಬರೆಯುವ ಮೊದಲೇ ಕೇಳಿಕೊಳ್ಳಿ: ಇದನ್ನು ಯಾರು ಯಾರಿಗೆ ಕಳಿಸುತ್ತಾರೆ? ಉತ್ತರ ಸಿಗದಿದ್ದರೆ ಆ ವಿಷಯವನ್ನು ಬಿಟ್ಟುಬಿಡಿ.

ಆ ಎರಡನೇ ರೀಲ್ಸ್ ಅನ್ನೇ ಹಿಡಿದುಕೊಂಡು ಯಾರ ಕೆಲಸ ಏನು ಅಂತ ಹೇಳುತ್ತಾ ಹೋಗುತ್ತೇನೆ.

ವಿಷಯ ತರುವುದು ಬರೆಯುವವರ ಕೆಲಸ. ಎಲ್ಲಿಂದ ತರಬೇಕು? ಗ್ರಾಹಕರು ನಮ್ಮ ಸಹಾಯವಾಣಿಗೆ ಕೇಳುವ ಪ್ರಶ್ನೆಗಳಿಂದ. ಮಾಲು ವಾಪಸ್ ಬಂದಾಗ ಹಳೆಯ ಬಿಲ್ಲನ್ನೇ ಅಳಿಸಿಬಿಡುವವರು ತುಂಬ ಜನ. ಹಾಗೆ ಅಳಿಸಿದರೆ ಬಿಲ್ ನಂಬರಿನ ಸಾಲಿನಲ್ಲಿ ಒಂದು ನಂಬರ್ ಕಾಣೆಯಾಗುತ್ತದೆ, ಆಮೇಲೆ ಲೆಕ್ಕ ಪರಿಶೋಧನೆಯಲ್ಲಿ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ಹಳೆಯ ಬಿಲ್ಲನ್ನು ಹಾಗೇ ಬಿಟ್ಟು, ಅದರ ಎದುರಿಗೆ ಕ್ರೆಡಿಟ್ ನೋಟ್ ಹಾಕುವುದು ಸರಿಯಾದ ದಾರಿ. ಈ ವಿಷಯ ಮೂವತ್ತು ನಲವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುವಂಥದ್ದು. ಬರೆಯುವವರು ಮಾತನ್ನು ಬರೆದು ಕೊಡಬೇಕು, ಮೊದಲ ವಾಕ್ಯದಲ್ಲೇ ತೊಂದರೆ ಏನು ಅಂತ ಬರಬೇಕು. "ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಬೇಡ. "ವಾಪಸ್ ಬಂದ ಮಾಲಿಗೆ ಹಳೆ ಬಿಲ್ ಅಳಿಸಬೇಡಿ" ಅಂತ ನೇರವಾಗಿ ಶುರು ಮಾಡಿ.

ಆಮೇಲೆ ಅದು ವಿಡಿಯೋ ಮಾಡುವವರ ಕೈಗೆ. 9:16 ಅಳತೆ, 1080 × 1920 ಪಿಕ್ಸೆಲ್. ಶುರುವಿನಲ್ಲಿ ಲೋಗೋ ತಿರುಗುವುದು ಬೇಡ. ಜನ ಬೆರಳು ಮೇಲಕ್ಕೆ ಸರಿಸುವುದು ಮೊದಲ ಮೂರು ಸೆಕೆಂಡಿನಲ್ಲೇ. ಎಷ್ಟನೇ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ ಅನ್ನುವ ಗೆರೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಣುತ್ತದೆ. ಲೋಗೋ ಇರುವ ಜಾಗದಲ್ಲಿ ಆ ಗೆರೆ ಧಡಕ್ಕನೆ ಇಳಿದಿದ್ದರೆ ಕಾರಣ ಹುಡುಕುತ್ತಾ ಕೂರಬೇಕಾಗಿಲ್ಲ. ಆಡುವ ಮಾತೆಲ್ಲ ಪರದೆಯ ಮೇಲೆ ಅಕ್ಷರದಲ್ಲೂ ಬರಬೇಕು, ಏಕೆಂದರೆ ದನಿ ಮುಚ್ಚಿ ನೋಡುವವರು ಬಹಳ. ಆ ಅಕ್ಷರಗಳನ್ನು ತೀರಾ ಕೆಳಗೆ ಹಾಕಬೇಡಿ. ಅಲ್ಲಿ ಖಾತೆಯ ಹೆಸರು, ಕ್ಯಾಪ್ಶನ್ ಬಂದು ಕೂರುತ್ತವೆ. ಬಲಗಡೆ ಲೈಕ್, ಕಾಮೆಂಟ್ ಬಟನ್‌ಗಳಿರುತ್ತವೆ, ಆ ಅಂಚನ್ನೂ ಬಿಡಿ. ಬೇರೆ ಆ್ಯಪ್‌ನ ಗುರುತು ಅಂಟಿಕೊಂಡಿರುವ ವಿಡಿಯೋವನ್ನು ಹಾಗೇ ತಂದು ಹಾಕಬೇಡಿ. ಅಂಥ ರೀಲ್ಸ್ ಅನ್ನು ಕಡಿಮೆ ಜನರಿಗೆ ತೋರಿಸುತ್ತೇವೆ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ.

ಸ್ಕ್ರೀನ್ ರೆಕಾರ್ಡ್ ಮಾಡುವಾಗ ಡೆಮೋ ಖಾತೆಯನ್ನೇ ಬಳಸಿ. ಈ ಮಾತನ್ನು ಒತ್ತಿ ಹೇಳುತ್ತೇನೆ. ನಿಜವಾದ ಗ್ರಾಹಕರೊಬ್ಬರ ಹೆಸರು, ಫೋನ್ ನಂಬರ್, ಅವರು ಯಾರಿಗೆ ಎಷ್ಟಕ್ಕೆ ಮಾರಿದರು ಅನ್ನುವ ಒಂದೇ ಒಂದು ಸಾಲು ನಮ್ಮ ವಿಡಿಯೋದಲ್ಲಿ ಕಂಡರೂ, ಅವರು ನಮ್ಮ ಮೇಲೆ ಇಟ್ಟ ನಂಬಿಕೆಗೆ ನಾವು ಅರ್ಹರಲ್ಲ. ಮಸುಕು ಮಾಡಿ ಹಾಕುತ್ತೇನೆ ಅನ್ನುವುದೂ ಬೇಡ, ಒಂದು ಫ್ರೇಮ್‌ನಲ್ಲಿ ಮಸುಕು ಜಾರಿದರೆ ಮುಗಿಯಿತು.

ಪ್ರಕಟಿಸುವ ಮೊದಲು ಒಬ್ಬರು ವಿಡಿಯೋದಲ್ಲಿ ತೋರಿಸಿದ ಹೆಜ್ಜೆಗಳನ್ನು ಈಗಿನ ಆ್ಯಪ್‌ನಲ್ಲಿ ಒಂದೊಂದಾಗಿ ಒತ್ತಿ ನೋಡಬೇಕು. ಬಟನ್ ಜಾಗ ಬದಲಾಗಿರುತ್ತದೆ, ವಿಡಿಯೋದಲ್ಲಿ ಹಳೆಯದೇ ಇರುತ್ತದೆ. ಅದನ್ನು ನಂಬಿ ಬಂದವರು ಬಟನ್ ಹುಡುಕಿ ಸೋತು ಹೋಗುತ್ತಾರೆ. ಈ ಪರೀಕ್ಷೆ, ಮತ್ತು ಕಾಮೆಂಟ್‌ಗಳಿಗೆ ಉತ್ತರ, ಎರಡೂ ನಮ್ಮ ಗ್ರಾಹಕ ಸಹಾಯ ನೋಡುವವರದ್ದು. ಆ್ಯಪ್ ಅನ್ನು ದಿನವಿಡೀ ಬಳಸುವವರು ಅವರೇ.

ನಾಲ್ಕನೆಯವರು ಪ್ರಕಟಣೆ ಮತ್ತು ಅಂಕಿ ಅಂಶ ನೋಡುವವರು. ಯಾವ ದಿನ ಏನು ಹೋಗಬೇಕು ಅನ್ನುವ ಪಟ್ಟಿ ಅವರ ಕೈಯಲ್ಲಿ. ಲಿಂಕ್‌ಗಳೂ ಅವರದ್ದೇ. ಇಲ್ಲಿ ಸ್ವಲ್ಪ ಸೂಕ್ಷ್ಮವಿದೆ. ಗುರುತಿಲ್ಲದ ಲಿಂಕ್‌ನಿಂದ ಬಂದವರು ಅನಾಲಿಟಿಕ್ಸ್‌ನಲ್ಲಿ ಎಷ್ಟೋ ಸಲ ನೇರವಾಗಿ ಬಂದವರ ಗುಂಪಿಗೆ ಸೇರಿಬಿಡುತ್ತಾರೆ. ಆಗ ಯಾವ ಪೋಸ್ಟ್‌ನಿಂದ ಬಂದರು ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಪ್ರತಿ ಲಿಂಕ್‌ಗೂ ಈ ಥರ ಗುರುತು ಹಾಕಬೇಕು:

```
https://example.com/trial?utm_source=instagram&utm_medium=social&utm_campaign=return-bill
```

ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲೇ ಇರಲಿ. ಒಬ್ಬರು `Instagram` ಅಂತ, ಇನ್ನೊಬ್ಬರು `instagram` ಅಂತ ಬರೆದರೆ ಗೂಗಲ್ ಅನಾಲಿಟಿಕ್ಸ್ ಅವನ್ನು ಎರಡು ಬೇರೆ ಮೂಲಗಳೆಂದು ಎಣಿಸುತ್ತದೆ. ನಮ್ಮದೇ ಸೈಟ್‌ನ ಒಳಗೆ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವ ಲಿಂಕ್‌ಗೆ ಈ ಗುರುತು ಹಾಕಬೇಡಿ, ಹಾಕಿದರೆ ಜನ ಮೊದಲು ಎಲ್ಲಿಂದ ಬಂದರು ಅನ್ನುವ ಲೆಕ್ಕ ಕೆಡುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಬರೆದ ಲಿಂಕ್ ಒತ್ತಲು ಬರುವುದಿಲ್ಲ. ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ನಲ್ಲೂ 2023ರ ಆಗಸ್ಟ್ ಕೊನೆಯಿಂದ ಹಾಗೇ. ಬಯೋದಲ್ಲಿ ಐದು ಲಿಂಕ್ ಇಡಬಹುದು. ಅದರಲ್ಲಿ ಮೇಲಿನದು ಯಾವಾಗಲೂ ಆ ವಾರದ ವಿಷಯಕ್ಕೆ ಸೇರಿದ್ದಾಗಿರಲಿ. ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಬಳಸಿ. ಇಷ್ಟೆಲ್ಲ ಮಾಡಿದರೂ ರೀಲ್ಸ್ ನೋಡಿ, ಎರಡು ದಿನ ಬಿಟ್ಟು ನಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಬರುವವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವರಿಗಾಗಿ ಟ್ರಯಲ್ ಶುರು ಮಾಡುವ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಸೇರಿಸುತ್ತೇವೆ: "ನಮ್ಮ ಬಗ್ಗೆ ಎಲ್ಲಿ ತಿಳಿಯಿತು?" ಉತ್ತರಿಸುವುದು ಅವರ ಇಷ್ಟ. ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡೋಣ, ಕೂಡಿಸುವುದು ಬೇಡ. ಕೂಡಿಸಿದರೆ ಒಬ್ಬರೇ ಎರಡು ಸಲ ಎಣಿಕೆಗೆ ಬರಬಹುದು.

ಇನ್ನು ನನ್ನ ಕೆಲಸ. ಪ್ರತಿ ಪೋಸ್ಟ್ ಅನ್ನೂ ನಾನು ನೋಡುವುದಿಲ್ಲ. ಮೂರು ಬಗೆಯದ್ದು ಮಾತ್ರ ನನ್ನ ಹತ್ತಿರ ಬರಬೇಕು: ಬೆಲೆಯ ಬಗ್ಗೆ ಇರುವುದು, ಬೇರೆ ಕಂಪನಿ ಅಥವಾ ವ್ಯಕ್ತಿಯ ಹೆಸರು ಬರುವುದು, ಮತ್ತು ನಮ್ಮ ಕಡೆಯಿಂದ ಆದ ತೊಂದರೆಗೆ ಕ್ಷಮೆ ಕೇಳುವುದು. ಈ ಮೂರಕ್ಕೆ ನನ್ನ ಒಪ್ಪಿಗೆ ಇಲ್ಲದೆ ಮುಂದೆ ಹೋಗಬೇಡಿ. ಉಳಿದದ್ದಕ್ಕೆಲ್ಲ ಕೊನೆಯ ಮಾತು ಬರೆಯುವವರದ್ದು. ನನಗೆ ಒಂದು ಬಣ್ಣ ಇಷ್ಟವಾಗಲಿಲ್ಲ ಅನ್ನುವ ಕಾರಣಕ್ಕೆ ಯಾವ ಪೋಸ್ಟೂ ನಿಲ್ಲಬಾರದು. ರಾತ್ರಿ ನನಗೇನೋ ಹೊಳೆದರೆ ಅದನ್ನು ವಿಷಯಗಳ ಪಟ್ಟಿಗೆ ಸೇರಿಸುತ್ತೇನೆ. "ಇದನ್ನ ಈಗಲೇ ಹಾಕಿ" ಅಂತ ನಿಮಗೆ ಮೆಸೇಜ್ ಕಳಿಸುವುದಿಲ್ಲ.

ಕೆಲಸದ ಅಳತೆಯನ್ನೂ ಹೇಳಿಬಿಡುತ್ತೇನೆ. ಬರೆಯಲು ಒಂದೂವರೆ ಗಂಟೆ, ರೆಕಾರ್ಡಿಂಗ್‌ಗೆ ಒಂದು, ಎಡಿಟಿಂಗ್‌ಗೆ ಎರಡೂವರೆ, ಪರೀಕ್ಷೆಗೆ ಅರ್ಧ, ಪ್ರಕಟಣೆಗೆ ಅರ್ಧ. ಒಂದು ರೀಲ್ಸ್‌ಗೆ ಒಟ್ಟು ಆರು ಗಂಟೆ ಅಂತ ಇಟ್ಟುಕೊಂಡಿದ್ದೇನೆ. ವಾರಕ್ಕೆ ಮೂರು ಅಂದರೆ ಹದಿನೆಂಟು ಗಂಟೆ. ವಿಡಿಯೋ ಮಾಡುವವರು ಒಬ್ಬರೇ ಇರುವಾಗ ದಿನಕ್ಕೊಂದು ಅನ್ನುವುದು ಆಗದ ಮಾತು. ಇನ್‌ಸ್ಟಾಗ್ರಾಂಗೆ ವಾರಕ್ಕೆ ಮೂರು, ಅವೇ ಶಾರ್ಟ್ಸ್‌ಗೂ. ಯೂಟ್ಯೂಬ್‌ಗೆ ಹದಿನೈದು ದಿನಕ್ಕೊಂದು ಉದ್ದನೆಯ ವಿಡಿಯೋ. ಬೇರೆ ಜಾಲತಾಣಗಳಲ್ಲಿ ಹೊಸದೇನೂ ಬೇಡ, ಆದರೆ ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೋಗಲೇಬೇಕು.

ಕಾಮೆಂಟ್‌ಗಳ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ತುಂಬ ಜವಾಬ್ದಾರಿಯ ಜಾಗ ಇದೇ. ಒಂದು ರೀಲ್ಸ್ ಕೆಳಗೆ ಒಬ್ಬರು ಬರೆಯುತ್ತಾರೆ ಅಂದುಕೊಳ್ಳಿ: "ಆ್ಯಪ್ ಹ್ಯಾಂಗ್ ಆಗಿ ನನ್ನ ಬೆಳಗಿನ ಬಿಲ್ ಎಲ್ಲ ಹೋಯ್ತು. ವಿಡಿಯೋ ಮಾಡೋದು ಬಿಟ್ಟು ಇದನ್ನ ಸರಿ ಮಾಡಿ." ಇದನ್ನು ಅಳಿಸಬಾರದು, ಮರೆಮಾಡಲೂ ಬಾರದು. ಕೆಲಸದ ವೇಳೆಯಲ್ಲಿ ಒಂದು ಗಂಟೆಯೊಳಗೆ ಅಲ್ಲೇ ಉತ್ತರ ಬರಬೇಕು. "ತೊಂದರೆಗೆ ಕ್ಷಮಿಸಿ, ನಮ್ಮನ್ನು ಸಂಪರ್ಕಿಸಿ" ಅಂತ ಎಲ್ಲರಿಗೂ ಅಂಟಿಸುವ ಸಾಲು ಬೇಡ. ಹೀಗೆ ಬರೆಯಿರಿ: "ಬೆಳಗಿನ ಬಿಲ್‌ಗಳು ಕಾಣುತ್ತಿಲ್ಲ ಅಂದರೆ ಆತಂಕ ಆಗುವುದು ಸಹಜ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, ಫೋನ್‌ನಲ್ಲಿ ಉಳಿದಿರುವ ಡೇಟಾ ಹೋಗಬಹುದು. ನಿಮಗೆ ಈಗ ಡಿಎಂ ಮಾಡುತ್ತಿದ್ದೇನೆ." ಸಿಟ್ಟಿನಲ್ಲಿರುವವರು ಮೊದಲು ಮಾಡುವ ಕೆಲಸವೇ ಅನ್‌ಇನ್‌ಸ್ಟಾಲ್. ಆ ಒಂದು ಮಾತು ಅವರ ಬಿಲ್ ಉಳಿಸಬಹುದು, ಅದೇ ತೊಂದರೆಯಲ್ಲಿ ಸುಮ್ಮನೆ ಓದುತ್ತಿರುವ ಇನ್ನೊಬ್ಬರದ್ದನ್ನೂ ಉಳಿಸಬಹುದು. ಫೋನ್ ನಂಬರ್, ಇಮೇಲ್ ಏನನ್ನೂ ಎಲ್ಲರೆದುರು ಕೇಳಬೇಡಿ. ನಮ್ಮ ಹೆಸರಿನ ನಕಲಿ ಖಾತೆ ಮಾಡಿ, ಅಂಥವರಿಗೇ ಮೆಸೇಜ್ ಹಾಕಿ ಮೋಸ ಮಾಡುವವರಿದ್ದಾರೆ. ತೊಂದರೆ ಬಗೆಹರಿದ ಮೇಲೆ ಅದೇ ಕಾಮೆಂಟ್‌ನ ಕೆಳಗೆ ಏನಾಯಿತು ಅಂತ ಒಂದು ಸಾಲು ಬರೆಯಿರಿ. ಬಗೆಹರಿಯದಿದ್ದರೆ ಅದನ್ನೂ ಬರೆಯಿರಿ.

ಒಂದೇ ಗಂಟೆಯಲ್ಲಿ ಅಂಥದ್ದೇ ಮೂರು ದೂರು ಬಂದರೆ ಅದು ಒಬ್ಬರ ಫೋನಿನ ತೊಂದರೆ ಆಗಿರಲಾರದು. ಆಗ ಮೊದಲೇ ಸಮಯ ಹಾಕಿಟ್ಟ ಪೋಸ್ಟ್‌ಗಳನ್ನೆಲ್ಲ ನಿಲ್ಲಿಸಬೇಕು. ಜನರ ಬಿಲ್ ಕಾಣೆಯಾಗಿರುವ ಹೊತ್ತಿನಲ್ಲಿ ನಮ್ಮ ಖುಷಿಯ ವಿಡಿಯೋ ತಾನಾಗಿ ಹೋಗಿಬಿಟ್ಟರೆ ಅದಕ್ಕಿಂತ ನೋವು ಕೊಡುವುದು ಬೇರೊಂದಿಲ್ಲ. ನಿಲ್ಲಿಸುವ ಅಧಿಕಾರ ಸಹಾಯ ನೋಡುವವರದ್ದು. ನನ್ನನ್ನು ಕೇಳಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ನಿಲ್ಲಿಸಿ, ಆಮೇಲೆ ತಿಳಿಸಿ. ಅನಗತ್ಯವಾಗಿ ನಿಲ್ಲಿಸಿದರೂ ನಾನು ಒಂದು ಮಾತು ಆಡುವುದಿಲ್ಲ. ಮತ್ತೆ ಶುರು ಮಾಡುವಾಗ ಮಾತ್ರ ಇಬ್ಬರು ಒಪ್ಪಬೇಕು.

ಖಾತೆಗಳ ಭದ್ರತೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾಸ್‌ವರ್ಡ್ ಹಂಚಿಕೊಳ್ಳುವುದು ಇವತ್ತಿಗೆ ಕೊನೆ. ಮೆಟಾ ಬಿಸಿನೆಸ್ ಸೂಟ್‌ನಲ್ಲೂ ಯೂಟ್ಯೂಬ್ ಸ್ಟುಡಿಯೋದಲ್ಲೂ ಒಬ್ಬೊಬ್ಬರಿಗೂ ಅವರವರ ಖಾತೆಯಿಂದಲೇ ಬೇಕಾದಷ್ಟು ಅಧಿಕಾರ ಕೊಡಬಹುದು. ಪೂರ್ತಿ ಅಧಿಕಾರ ಇಬ್ಬರಿಗೆ. ಒಬ್ಬರ ಖಾತೆ ಲಾಕ್ ಆದರೆ ಇನ್ನೊಬ್ಬರು ಇರಬೇಕು. ಎಲ್ಲರೂ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. "ನಿಮ್ಮ ಖಾತೆ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಈ ಲಿಂಕ್ ಒತ್ತಿ" ಅಂತ ಡಿಎಂ ಬಂದರೆ ಅದು ಮೋಸ. ಒತ್ತಬೇಡಿ.

ಪ್ರತಿ ಗುರುವಾರ ಅರ್ಧ ಗಂಟೆ ಕೂತು ಅಂಕಿ ನೋಡುತ್ತೇವೆ. ಮೊದಲ ಎರಡು ವಾರಕ್ಕೆ ಗುರಿಯ ಸಂಖ್ಯೆ ಇಲ್ಲ. ಗುರುತು ಹಾಕಿದ ಲಿಂಕ್‌ಗಳಿಂದ ಈಗ ಎಷ್ಟು ಬರುತ್ತಿದೆ ಅಂತ ತಿಳಿಯದೆ ಗುರಿ ಹಾಕಿದರೆ ಅದು ಊಹೆ ಅಷ್ಟೇ. ಮೂರನೇ ವಾರ ಅದನ್ನು ಒಟ್ಟಿಗೆ ನಿರ್ಧರಿಸೋಣ.

ಅಂಕಿ ನೋಡುವಾಗ ಕೇಳುವುದು ಒಂದೇ: ಜನ ಎಲ್ಲಿ ಉದುರಿಹೋದರು? ಮೂರನೇ ಸೆಕೆಂಡಿಗೇ ಹೋದರೆ ಮೊದಲ ವಾಕ್ಯ ಮತ್ತು ಮೊದಲ ದೃಶ್ಯ ಬದಲಾಗಬೇಕು. ಕೊನೆವರೆಗೂ ನೋಡಿ, ಬೇರೆಯವರಿಗೂ ಕಳಿಸಿ, ಲಿಂಕ್ ಮಾತ್ರ ಒತ್ತದಿದ್ದರೆ, ಎಲ್ಲಿ ಒತ್ತಬೇಕು ಅಂತ ನಾವು ಸರಿಯಾಗಿ ಹೇಳಿಲ್ಲ. ಲಿಂಕ್ ಒತ್ತಿ ಟ್ರಯಲ್ ಶುರು ಮಾಡದಿದ್ದರೆ, ರೀಲ್ಸ್‌ನಲ್ಲಿ ಕ್ರೆಡಿಟ್ ನೋಟ್ ಬಗ್ಗೆ ಹೇಳಿ, ಪುಟ ತೆರೆದಾಗ ಬೇರೇನನ್ನೋ ತೋರಿಸುತ್ತಿದ್ದೇವೆ ಅಂತ ಅರ್ಥ. ಟ್ರಯಲ್ ಶುರು ಮಾಡಿ ಬಿಲ್ ಹಾಕದಿದ್ದರೆ ಅದು ನಿಮ್ಮ ತಪ್ಪಲ್ಲ. ಅದು ಆ್ಯಪ್‌ನ ಮೊದಲ ಪರದೆಗಳ ತೊಂದರೆ, ಅದರ ಹೊಣೆ ನನ್ನದು. ಆ ವಾರದ ಸಭೆಯಲ್ಲಿ ನಾನು ಉತ್ತರ ಹೇಳುತ್ತೇನೆ, ನೀವು ಪ್ರಶ್ನೆ ಕೇಳಿ. ಒಂದು ಎಚ್ಚರಿಕೆ: ಒಂದೇ ಪೋಸ್ಟ್ ನೋಡಿ ತೀರ್ಮಾನಕ್ಕೆ ಬರಬಾರದು. 12 ಟ್ರಯಲ್‌ನಲ್ಲಿ 7 ಬಿಲ್ ಆಗುವುದೂ 5 ಬಿಲ್ ಆಗುವುದೂ ಆಕಸ್ಮಿಕ ಇರಬಹುದು. ಒಂದೇ ಬಗೆಯ ನಾಲ್ಕೈದು ಪೋಸ್ಟ್ ಸೇರಿಸಿ ನೋಡಿದಾಗಲೇ ನಿಜ ಕಾಣುವುದು.

(ಮಾತು ಮುಗಿದ ಮೇಲೆ ವಿಡಿಯೋ ಮಾಡುವವರು ಕೇಳಿದರು: "ಚೆನ್ನಾಗಿ ಹೋಗುತ್ತಿರುವ ರೀಲ್ಸ್‌ಗೆ ಸ್ವಲ್ಪ ದುಡ್ಡು ಹಾಕಿ ಬೂಸ್ಟ್ ಮಾಡಬಹುದಲ್ವಾ?")

ಮೊದಲ ಆರು ವಾರ ಬೇಡ. ದುಡ್ಡು ಕೊಟ್ಟು ತಂದ ಜನ ಮತ್ತು ತಾವಾಗಿ ಬಂದ ಜನ ಒಂದೇ ಪೋಸ್ಟ್‌ನಲ್ಲಿ ಬೆರೆತರೆ ನಮಗೇ ಗೊಂದಲ. ಆರು ವಾರ ಆದ ಮೇಲೆ, ತಾನಾಗಿಯೇ ಮೊದಲ ಬಿಲ್‌ವರೆಗೆ ಜನರನ್ನು ತಂದ ಎರಡು ಪೋಸ್ಟ್ ಆರಿಸಿ ಅವಕ್ಕೆ ಮಾತ್ರ ದುಡ್ಡು ಹಾಕೋಣ. ಅವಕ್ಕೆ ಬೇರೆ ಲಿಂಕ್ ಇರಲಿ, `utm_medium=paid` ಅಂತ. ಒಂದು ಮೊದಲ ಬಿಲ್‌ಗೆ ಎಷ್ಟು ಖರ್ಚಾಯಿತು ಅಂತ ಆಗ ಲೆಕ್ಕ ಸಿಗುತ್ತದೆ. ಆ ಖರ್ಚು ಒಬ್ಬ ಗ್ರಾಹಕರು ವರ್ಷಕ್ಕೆ ಕೊಡುವ ಚಂದಾಕ್ಕಿಂತ ಜಾಸ್ತಿಯಾದರೆ ಅವತ್ತೇ ನಿಲ್ಲಿಸೋಣ.